ಉದ್ಯೋಗದ ಕರೆ ಮತ್ತು ಅದರ ಮೂಲ

ಉದ್ಯೋಗದ ಸುದ್ದಿಯು ಒಬ್ಬರ ಬಾಯಿಂದ ಮತ್ತೊಬ್ಬರ ಕಿವಿಗೆ ಹರಿದು ಬರುವುದು ನಮ್ಮ ನಾಡಿನಲ್ಲಿ ಹೊಸದಲ್ಲ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯು ಬೆಂಗಳೂರಿನಿಂದ ಪುಣೆಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿರುವ ಹೋಬಳಿ ಕೇಂದ್ರ. ಇಂತಹ ಊರುಗಳಿಗೆ ಹಿಂದೆ ಕೆಲಸದ ಸುದ್ದಿಯನ್ನು ತರುತ್ತಿದ್ದವರು ಮನುಷ್ಯರೇ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಆಳುಗಳು ಬೇಕಾಗಿದ್ದಾರೆಂದು ಅಲ್ಲಿ ದುಡಿಯುತ್ತಿದ್ದ ನೆಂಟನೇ ಹಬ್ಬಕ್ಕೆ ಬಂದಾಗ ಹೇಳುತ್ತಿದ್ದನು. ಹೇಳಿದವನು ಯಾರು, ಅವನು ಅದನ್ನು ಎಲ್ಲಿ ಕಂಡನು, ಸುದ್ದಿ ಸುಳ್ಳಾದರೆ ಯಾರನ್ನು ಕೇಳಬೇಕು ಎಂಬ ಮೂರು ವಿಷಯಗಳೂ ಕೇಳುವವನಿಗೆ ಮೊದಲೇ ತಿಳಿದಿರುತ್ತಿದ್ದವು. ಸುದ್ದಿಯೂ ಅದರ ಮೂಲವೂ ಒಂದೇ ಹಾದಿಯಲ್ಲಿ ಜೊತೆಯಾಗಿ ಬರುತ್ತಿದ್ದವು.

ಇಂದು ಅದೇ ಸುದ್ದಿಯು ಕೈಯಲ್ಲಿರುವ ದೂರವಾಣಿಯ ತೆರೆಯ ಮೇಲೆ ಬರುತ್ತದೆ. ಅದನ್ನು ಕಳುಹಿಸಿದವನು ನಮ್ಮ ಸಹಪಾಠಿಯೇ ಆಗಿರಬಹುದು, ಸೋದರಮಾವನೇ ಆಗಿರಬಹುದು. ಆದರೆ ಅವನು ಅದನ್ನು ಬರೆದವನಲ್ಲ; ಮತ್ತೊಂದು ಗುಂಪಿನಲ್ಲಿ ಕಂಡದ್ದನ್ನು ಒಳ್ಳೆಯ ಮನಸ್ಸಿನಿಂದ ಈ ಗುಂಪಿಗೆ ದಾಟಿಸಿದವನು ಮಾತ್ರ. ಹೀಗೆ ಸುದ್ದಿಯು ನಮ್ಮವರ ಮುಖವನ್ನು ಹೊತ್ತು ಬರುತ್ತದೆ. ಅದರ ಮೂಲವು ಕಾಣದೆ ಉಳಿಯುತ್ತದೆ. ಕಳುಹಿಸಿದವನ ಮೇಲಿನ ನಂಬಿಕೆಯನ್ನು ನಾವು ಸುದ್ದಿಯ ಮೇಲೆಯೂ ಇಡುತ್ತೇವೆ. ವಂಚಕರಿಗೆ ಬೇಕಾದುದು ಈ ಗೊಂದಲವೇ. ಆದುದರಿಂದ ಉದ್ಯೋಗದ ಕರೆಯನ್ನು ಪರೀಕ್ಷಿಸುವುದೆಂದರೆ, ಅದು ಹೊರಟ ಸ್ಥಳಕ್ಕೆ ನಾವೇ ಹೋಗಿ ನೋಡುವುದು. ಅದೂ ಆ ಸಂದೇಶವು ತೋರಿಸಿದ ದಾರಿಯಿಂದಲ್ಲ, ನಾವು ಬೇರೆಯಾಗಿ ಕಂಡುಕೊಂಡ ದಾರಿಯಿಂದ. ಈ ಪಾಠದ ತಿರುಳು ಇಷ್ಟೇ. ಇದನ್ನು ಮಾಡುವ ಬಗೆಯನ್ನು ಒಂದೆರಡು ಉದಾಹರಣೆಗಳಿಂದ ವಿವರವಾಗಿ ನೋಡೋಣ.

ಮೊದಲು ಕರೆಗಳು ಎಲ್ಲಿ ದೊರೆಯುತ್ತವೆಂಬುದನ್ನು ತಿಳಿಯಬೇಕು. ಊರಿನ ಹೆಸರಿನ ಗುಂಪುಗಳಲ್ಲಿಯೂ ಸಾವಿರಾರು ಮಂದಿ ಸೇರಿರುವ ‘ಉದ್ಯೋಗ ಮಾಹಿತಿ’ ಗುಂಪುಗಳಲ್ಲಿಯೂ ಬರುವ ಸಂದೇಶಗಳು ಹೆಚ್ಚು. ಉಪಯೋಗಕ್ಕೆ ಬರುವವು ಕಡಮೆ. ಒಂದೇ ಕಸುಬಿನವರು ಕೂಡಿಕೊಂಡ ಗುಂಪುಗಳಲ್ಲಿ ಇದು ತಿರುಗುಮುರುಗು. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಒಂದೇ ವರ್ಷ ವಿದ್ಯುತ್ ಕೆಲಸ ಕಲಿತವರು, ಗಾಳಿಯಂತ್ರಗಳ ದುರಸ್ತಿಯಲ್ಲಿ ತೊಡಗಿದವರು, ಆಸ್ಪತ್ರೆಗಳ ದಾದಿಯರು, ಭಾರಿ ವಾಹನಗಳ ಚಾಲಕರು ತಮ್ಮ ತಮ್ಮೊಳಗೆ ಮಾಡಿಕೊಂಡ ಗುಂಪುಗಳು ಇಂತಹವು. ಅಲ್ಲಿ ಸುಳ್ಳು ಬಿದ್ದರೆ ಅದನ್ನು ಗುರುತಿಸುವ ಅನುಭವಿಗಳು ಇರುತ್ತಾರೆ. ‘ಆ ಸ್ಥಳದಲ್ಲಿ ಕೆಲಸ ಮುಗಿದು ಆರು ತಿಂಗಳಾಯಿತು’ ಎಂದು ಹೇಳಬಲ್ಲವನು ಒಬ್ಬನಾದರೂ ಸಿಗುತ್ತಾನೆ. ಅಂತಹ ಗುಂಪಿಗೆ ಸೇರಲು ಕಲಿಸಿದ ಶಿಕ್ಷಕರನ್ನು ಇಲ್ಲವೆ ಹಿಂದಿನ ವರ್ಷ ಕಲಿತು ಹೊರಬಿದ್ದ ಹಿರಿಯ ವಿದ್ಯಾರ್ಥಿಯನ್ನು ಕೇಳುವುದೇ ನೇರವಾದ ಮಾರ್ಗ.

ಸೇರಿದ ಕೂಡಲೇ ಹೊಸ ಸಂದೇಶಗಳಿಗಾಗಿ ಕಾಯಬೇಕಾಗಿಲ್ಲ. ಗುಂಪಿನ ಹಳೆಯ ಸಂದೇಶಗಳು ಉಳಿದಿದ್ದರೆ ಹುಡುಕುವ ಜಾಗದಲ್ಲಿ `vacancy`, `hiring`, `walk-in` ಎಂದೂ ಕನ್ನಡದಲ್ಲಿ ‘ನೇಮಕ’, ‘ಬೇಕಾಗಿದ್ದಾರೆ’ ಎಂದೂ ಬರೆದು ನೋಡಬಹುದು. ಆಗ ಯಾವ ಸಂಸ್ಥೆಗಳು ಯಾವ ತಿಂಗಳಲ್ಲಿ ಜನರನ್ನು ತೆಗೆದುಕೊಂಡವು, ಕರೆಯನ್ನು ಹಾಕಿದವನು ಯಾರು, ಹೋದವರು ಬಳಿಕ ಏನೆಂದು ಬರೆದರು ಎಂಬುದೆಲ್ಲ ಕಾಣುತ್ತದೆ. ಗುಂಪಿನ ನಿಜವಾದ ಬೆಲೆ ಇರುವುದು ಈ ಹಿಂದಿನ ಮಾತುಗಳಲ್ಲಿ.

ಸಂದೇಶವೊಂದನ್ನು ಓದುವ ಮುನ್ನ ಅದರ ನೆತ್ತಿಯ ಮೇಲೆ ಕಣ್ಣು ಹಾಯಿಸಬೇಕು. ವಾಟ್ಸಾಪಿನಲ್ಲಿ ಒಬ್ಬರಿಂದ ಪಡೆದದ್ದನ್ನು ಮುಂದಕ್ಕೆ ಕಳುಹಿಸಿದರೆ ಅದರ ಮೇಲೆ `Forwarded` ಎಂಬ ಗುರುತು ಬೀಳುತ್ತದೆ. ಐದು ಅಥವಾ ಅದಕ್ಕಿಂತ ಹೆಚ್ಚು ಕೈಗಳನ್ನು ದಾಟಿ ಬಂದುದಾದರೆ ಜೋಡಿ ಬಾಣದ ಗುರುತಿನೊಡನೆ `Forwarded many times` ಎಂದು ಕಾಣುತ್ತದೆ. ಈ ಗುರುತು ಸುದ್ದಿ ಸುಳ್ಳೆಂದು ಹೇಳುವುದಿಲ್ಲ. ಕಳುಹಿಸಿದವನು ಅದಕ್ಕೆ ಸಾಕ್ಷಿಯಲ್ಲವೆಂದು ಮಾತ್ರ ಹೇಳುತ್ತದೆ. ಗುರುತು ಇಲ್ಲದಿರುವುದೂ ಸತ್ಯಕ್ಕೆ ಪ್ರಮಾಣವಲ್ಲ, ಏಕೆಂದರೆ ಬರೆಹವನ್ನು ನಕಲು ಮಾಡಿ ಹೊಸದಾಗಿ ಅಂಟಿಸಿದರೆ ಗುರುತು ಬೀಳುವುದಿಲ್ಲ. ಆದಕಾರಣ ಕಳುಹಿಸಿದ ಗೆಳೆಯನನ್ನು ‘ಇದು ನಿಜವೇ?’ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ‘ಇದು ನಿನಗೆ ಯಾರಿಂದ ಬಂತು? ಆ ಕೆಲಸ ನಡೆಯುವ ಸ್ಥಳದಲ್ಲಿ ನಿನಗೆ ಗೊತ್ತಿರುವವರು ಯಾರಾದರೂ ಇದ್ದಾರೆಯೇ?’ ಎಂದು ಕೇಳಬೇಕು.

ಈಗ ಒಂದು ಸಂದೇಶವನ್ನು ಕೈಗೆತ್ತಿಕೊಳ್ಳೋಣ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು, ಅಂದರೆ ಡಿ.ಆರ್.ಡಿ.ಒ., ವಿಮಾನಗಳನ್ನು ಪರೀಕ್ಷಿಸುವ ನೆಲೆಯೊಂದನ್ನು ಸ್ಥಾಪಿಸಿದೆ. ಅದು 2017ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡಿತು. ನೆರೆಯ ತಾಲ್ಲೂಕಿನಲ್ಲಿರುವ ಇಂತಹ ದೊಡ್ಡ ಸಂಸ್ಥೆಯ ಹೆಸರನ್ನು ಕೇಳಿದೊಡನೆ ಯುವಕರ ಕಿವಿ ನೆಟ್ಟಗಾಗುವುದು ಸಹಜ. ಜವನಗೊಂಡನಹಳ್ಳಿಯ ಯುವಕನೊಬ್ಬನ ಗುಂಪಿಗೆ ಹೀಗೊಂದು ಸಂದೇಶ ಬಂತೆಂದು ಕಲ್ಪಿಸಿಕೊಳ್ಳೋಣ:

“ಡಿ.ಆರ್.ಡಿ.ಒ. ಚಳ್ಳಕೆರೆ ನೇರ ನೇಮಕಾತಿ. ಟೆಕ್ನೀಷಿಯನ್ 60 ಹುದ್ದೆಗಳು. ಐ.ಟಿ.ಐ. ಪಾಸಾಗಿದ್ದರೆ ಸಾಕು. ಪರೀಕ್ಷೆ ಇಲ್ಲ, ಸಂದರ್ಶನ ಮಾತ್ರ. ಮೂಲ ವೇತನ 35,400 ರೂಪಾಯಿ. ನೋಂದಣಿ ಶುಲ್ಕ 850 ರೂಪಾಯಿ. ಇಂದೇ ಕೊನೆಯ ದಿನ. ಕೆಳಗಿನ ಕೊಂಡಿಯನ್ನು ಒತ್ತಿರಿ.”

ಯುವಕನು ಕೊಂಡಿಯನ್ನು ಒತ್ತುವುದಿಲ್ಲ, ಅದನ್ನು ಓದುತ್ತಾನೆ. ಜಾಲತಾಣದ ವಿಳಾಸವನ್ನು ಓದುವುದಕ್ಕೆ ಒಂದು ಕ್ರಮವುಂಟು. `https://` ಎಂಬುದರ ನಂತರ ಬರುವ ಮೊದಲನೆಯ ಒಂಟಿ ಓರೆಗೆರೆಯವರೆಗೆ ನಿಲ್ಲಬೇಕು. ಅಲ್ಲಿಂದ ಹಿಂದಕ್ಕೆ, ಅಂದರೆ ಬಲದಿಂದ ಎಡಕ್ಕೆ ಓದಬೇಕು. ತಾಣದ ಒಡೆಯನು ಯಾರೆಂಬುದು ಈ ಬಲತುದಿಯಲ್ಲಿದೆ. ಸಂಸ್ಥೆಯ ನಿಜವಾದ ತಾಣ ಇದು:

```
https://www.drdo.gov.in/
```

ಇದರ ಬಲತುದಿಯಲ್ಲಿ `gov.in` ಇದೆ. ಈ ಕೊನೆಯನ್ನು ಸರಕಾರದ ಸಂಸ್ಥೆಗಳಿಗಲ್ಲದೆ ಬೇರೆಯವರಿಗೆ ಕೊಡುವುದಿಲ್ಲ. ಸಂದೇಶದಲ್ಲಿದ್ದ ವಿಳಾಸವು ಹೀಗಿತ್ತೆನ್ನೋಣ. ಇದು ಉದಾಹರಣೆಗಾಗಿ ಕಲ್ಪಿಸಿದ್ದು:

```
https://drdo.gov.in.apply-job.example/form
```

ಇದರಲ್ಲಿಯೂ `drdo.gov.in` ಎಂಬ ಅಕ್ಷರಗಳಿವೆ. ಅವಸರದ ಕಣ್ಣಿಗೆ ಅಷ್ಟೇ ಸಾಕು. ಆದರೆ ಅವು ಎಡಭಾಗದಲ್ಲಿವೆ. ಓರೆಗೆರೆಯಿಂದ ಹಿಂದಕ್ಕೆ ಓದಿದರೆ ಸಿಗುವುದು `apply-job.example` ಎಂಬ ಬೇರೊಬ್ಬನ ತಾಣ. ಒಬ್ಬನು ತನ್ನ ತಾಣದ ಹೆಸರಿನ ಎಡಕ್ಕೆ ಏನನ್ನು ಬೇಕಾದರೂ ಬರೆದುಕೊಳ್ಳಬಲ್ಲನು. ತನ್ನ ಮನೆಯ ಬಾಗಿಲಿಗೆ ತಾಲ್ಲೂಕು ಕಚೇರಿಯೆಂದು ಹಲಗೆ ಹಾಕಿಕೊಂಡಂತೆ. ವಿಳಾಸದ ಪಕ್ಕದಲ್ಲಿ ಕಾಣುವ ಬೀಗದ ಗುರುತನ್ನು ಅನೇಕರು ಪ್ರಾಮಾಣಿಕತೆಯ ಮುದ್ರೆಯೆಂದು ತಿಳಿಯುತ್ತಾರೆ. ಅದು ತಪ್ಪು. ನಾವು ಬರೆದದ್ದು ದಾರಿಯಲ್ಲಿ ಇತರರ ಕಣ್ಣಿಗೆ ಬೀಳುವುದಿಲ್ಲವೆಂಬುದಷ್ಟೇ ಅದರ ಅರ್ಥ. ದಾರಿಯ ಕೊನೆಯಲ್ಲಿ ಕುಳಿತವನು ಸಜ್ಜನನೋ ಕಳ್ಳನೋ ಎಂಬುದನ್ನು ಅದು ಹೇಳುವುದಿಲ್ಲ.

ಬಳಿಕ ಯುವಕನು ತನ್ನ ಕೈಯಿಂದಲೇ `drdo.gov.in` ಎಂದು ಬರೆದು ಸಂಸ್ಥೆಯ ತಾಣವನ್ನು ತೆರೆಯುತ್ತಾನೆ. ಅಲ್ಲಿ ಅವನಿಗೆ ತಿಳಿಯುವ ಮೊದಲನೆಯ ಸಂಗತಿಯೆಂದರೆ, ಈ ಸಂಸ್ಥೆಯು ತಂತ್ರಜ್ಞರ ಹುದ್ದೆಗಳನ್ನು ‘ಸೆಪ್ಟಮ್’ ಎಂಬ ತನ್ನದೇ ವಿಭಾಗದ ಮೂಲಕ ಇಡೀ ದೇಶಕ್ಕೆ ಒಟ್ಟಾಗಿ ತುಂಬುತ್ತದೆ ಎಂಬುದು. ಆ ವಿಭಾಗವು ದಿಲ್ಲಿಯಲ್ಲಿದೆ. ಅದರ ಪ್ರತಿಯೊಂದು ಪ್ರಕಟಣೆಗೂ ಕ್ರಮಸಂಖ್ಯೆಯುಂಟು. 2022ರ ಸೆಪ್ಟೆಂಬರಿನಲ್ಲಿ ಹೊರಟ ಸೆಪ್ಟಮ್-10 ಎಂಬ ಪ್ರಕಟಣೆಯನ್ನು ಅಳತೆಗೋಲಾಗಿ ಇಟ್ಟುಕೊಂಡು ಸಂದೇಶವನ್ನು ಸಾಲುಸಾಲಾಗಿ ಹೋಲಿಸಬಹುದು.

ಆ ಪ್ರಕಟಣೆಯಲ್ಲಿ ಒಟ್ಟು 1,901 ಹುದ್ದೆಗಳಿದ್ದವು. ‘ಟೆಕ್ನೀಷಿಯನ್-ಎ’ ಎಂಬ ಹುದ್ದೆಯ ಮೂಲ ವೇತನ 19,900 ರೂಪಾಯಿ. 35,400 ರೂಪಾಯಿಯೆಂಬುದು ಅದಕ್ಕಿಂತ ಮೇಲಿನ ‘ಸೀನಿಯರ್ ಟೆಕ್ನಿಕಲ್ ಅಸಿಸ್ಟೆಂಟ್-ಬಿ’ ಹುದ್ದೆಯದು. ಅದಕ್ಕೆ ಡಿಪ್ಲೊಮಾ ಇಲ್ಲವೆ ವಿಜ್ಞಾನದ ಪದವಿ ಬೇಕು. ಸಂದೇಶವನ್ನು ಬರೆದವನು ಕೆಳಗಿನ ಹುದ್ದೆಯ ಹೆಸರಿಗೆ ಮೇಲಿನ ಹುದ್ದೆಯ ಸಂಬಳವನ್ನು ಅಂಟಿಸಿದ್ದಾನೆ. ಅರ್ಜಿಯ ಶುಲ್ಕ ಆಗ 100 ರೂಪಾಯಿಯಾಗಿತ್ತು. ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಅದೂ ಇರಲಿಲ್ಲ. 850 ರೂಪಾಯಿಗೆ ಅಲ್ಲಿ ಎಡೆಯೇ ಇಲ್ಲ. ಅರ್ಜಿ ಹಾಕಲು ಸುಮಾರು ಮೂರು ವಾರಗಳ ಅವಕಾಶವಿತ್ತು. ಸರಕಾರಿ ಹುದ್ದೆಯ ಕರೆಯು ಬೆಳಿಗ್ಗೆ ಹೊರಟು ಸಂಜೆಗೆ ಮುಗಿಯುವುದಿಲ್ಲ.

ಎಲ್ಲಕ್ಕಿಂತ ಬಲವಾದ ಸಾಕ್ಷ್ಯವು ‘ಪರೀಕ್ಷೆ ಇಲ್ಲ, ಸಂದರ್ಶನ ಮಾತ್ರ’ ಎಂಬ ಮಾತಿನಲ್ಲಿದೆ. ಕೇಂದ್ರ ಸರಕಾರವು 2016ರ ಜನವರಿ 1ರಿಂದ ‘ಸಿ’ ವರ್ಗದ ಹುದ್ದೆಗಳಿಗೂ ಅವಕ್ಕೆ ಸಮಾನವಾದ ಕೆಳಹಂತದ ಇತರ ಹುದ್ದೆಗಳಿಗೂ ಸಂದರ್ಶನವನ್ನೇ ತೆಗೆದುಹಾಕಿತು. ತಂತ್ರಜ್ಞನ ಹುದ್ದೆಗೆ ಗಣಕಯಂತ್ರದ ಮೇಲೆ ಪರೀಕ್ಷೆ, ಅನಂತರ ಕಸುಬಿನ ಪರೀಕ್ಷೆ, ಇವೆರಡೇ ಬಾಗಿಲುಗಳು. ಹೀಗಿರುವಾಗ ಸಂದೇಶವು ಯಾವುದನ್ನು ಸುಲಭ ದಾರಿಯೆಂದು ತೋರಿಸುತ್ತಿದೆಯೋ ಆ ದಾರಿಯೇ ಕಾನೂನಿನಲ್ಲಿ ಇಲ್ಲ. ವಂಚಕನು ಸಂಸ್ಥೆಯ ಲಾಂಛನವನ್ನು ನಕಲು ಮಾಡಬಲ್ಲನು, ಮೊಹರನ್ನು ಬರೆಯಬಲ್ಲನು. ನೇಮಕಾತಿ ನಡೆಯುವ ಕ್ರಮವನ್ನು ಮಾತ್ರ ನಕಲು ಮಾಡಲಾರನು, ಏಕೆಂದರೆ ಆ ಕ್ರಮವನ್ನು ಅನುಸರಿಸಿದರೆ ಅವನಿಗೆ ಹಣ ಹುಟ್ಟುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಸುಳ್ಳೆಂದು ಕಂಡ ಸಂದೇಶದ ಹಿಂದೆ ಕೆಲವೊಮ್ಮೆ ನಿಜದ ಬೀಜವಿರುತ್ತದೆ. ಇಂತಹ ಸಂಸ್ಥೆಗಳು 1961ರ ಅಪ್ರೆಂಟಿಸ್ ಕಾಯಿದೆಯಂತೆ ಐ.ಟಿ.ಐ. ಮುಗಿಸಿದವರನ್ನು ತರಬೇತಿಗೆ ತೆಗೆದುಕೊಳ್ಳುವುದುಂಟು. ಅದು ಗೊತ್ತಾದ ಅವಧಿಯ ತರಬೇತಿ, ಸಾಮಾನ್ಯವಾಗಿ ಒಂದು ವರ್ಷದ್ದು. ಅದಕ್ಕೆ ಭತ್ಯೆಯುಂಟು, ಖಾಯಂ ಹುದ್ದೆಯ ಭರವಸೆಯಿಲ್ಲ. ಬಾಯಿಂದ ಬಾಯಿಗೆ ಸಾಗುವಾಗ ‘ತರಬೇತಿ’ ಎಂಬುದು ‘ಹುದ್ದೆ’ ಎಂದೂ ‘ಭತ್ಯೆ’ ಎಂಬುದು ‘ಸಂಬಳ’ ಎಂದೂ ಬೆಳೆದುಬಿಡುವುದು ಕಷ್ಟವಲ್ಲ. ಇನ್ನು ಕೆಲವು ಸಂದೇಶಗಳು ಪೂರ್ಣವಾಗಿ ನಿಜವಾಗಿದ್ದರೂ ಹಳೆಯವು. ಕೊನೆಯ ದಿನ ಕಳೆದು ವರ್ಷಗಳಾದ ಮೇಲೆಯೂ ಗುಂಪುಗಳಲ್ಲಿ ಅಲೆಯುತ್ತಿರುತ್ತವೆ. ಮೂಲಕ್ಕೆ ಹೋದವನಿಗೆ ಈ ಮೂರು ಬಗೆಗಳೂ ಬೇರೆಬೇರೆಯಾಗಿ ಕಾಣುತ್ತವೆ. ಸುಳ್ಳನ್ನು ಬಿಡುತ್ತಾನೆ, ಹಳೆಯದನ್ನು ಮರೆಯುತ್ತಾನೆ, ತಿರುಚಿದ್ದರಲ್ಲಿ ನಿಜವಾದ ಅವಕಾಶವಿದ್ದರೆ `apprenticeshipindia.gov.in` ಎಂಬ ಸರಕಾರದ ತಾಣದಲ್ಲಿ ಅದನ್ನು ಹುಡುಕಿ ಪಡೆದುಕೊಳ್ಳುತ್ತಾನೆ.

ಸರಕಾರಿ ಕರೆಗೆ ಪ್ರಕಟಣೆಯೆಂಬ ಗಟ್ಟಿಯಾದ ಮೂಲವಿದೆ. ಖಾಸಗಿ ಕೆಲಸಕ್ಕೆ ಅಂತಹದು ಇರುವುದಿಲ್ಲ. ಎಷ್ಟೋ ನಿಜವಾದ ಕೆಲಸಗಳು ಯಾವ ತಾಣದಲ್ಲಿಯೂ ಪ್ರಕಟವಾಗದೆ ಗುಂಪಿನ ಎರಡು ಸಾಲಿನ ಸಂದೇಶದಿಂದಲೇ ತುಂಬಿಹೋಗುತ್ತವೆ. ಆದುದರಿಂದ ಅಲ್ಲಿ ಪರೀಕ್ಷೆಯ ಬಗೆಯೂ ಬೇರೆ. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡದವರಿಲ್ಲ. ಅವುಗಳ ದುರಸ್ತಿಗೆ ವಿದ್ಯುತ್ ಕೆಲಸ ಬಲ್ಲವರು ಬೇಕು. ಅದೇ ಯುವಕನ ಕಸುಬಿನ ಗುಂಪಿನಲ್ಲಿ ಹಿರಿಯನೊಬ್ಬನು ಹೀಗೆ ಬರೆದನೆನ್ನೋಣ: “ನಮ್ಮ ಸೈಟಿಗೆ ಇಬ್ಬರು ಎಲೆಕ್ಟ್ರೀಷಿಯನ್ ಬೇಕು. ಎತ್ತರ ಹತ್ತುವ ಧೈರ್ಯ ಇರಬೇಕು. ಗುತ್ತಿಗೆದಾರರ ಕಡೆಯಿಂದ. ಆಸಕ್ತಿ ಇದ್ದವರು ಫೋನ್ ಮಾಡಿ.” ಇದರಲ್ಲಿ ಲಾಂಛನವಿಲ್ಲ, ಅಲಂಕಾರವಿಲ್ಲ, ಸಂಬಳದ ಆಸೆಯೂ ಇಲ್ಲ. ಆದರೂ ಮೊದಲನೆಯದಕ್ಕಿಂತ ಇದು ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಬರೆದವನು ತಾನೇ ಆ ಸ್ಥಳದಲ್ಲಿದ್ದಾನೆ. ತನ್ನ ಮಾತಿಗೆ ತಾನೇ ಸಾಕ್ಷಿಯಾಗಿ ನಿಂತಿದ್ದಾನೆ. ಯುವಕನು ಅವನಿಗೆ ಕರೆಮಾಡುತ್ತಾನೆ.

“ಅಣ್ಣ, ನಮಸ್ಕಾರ. ಸಂದೇಶ ನೋಡಿದೆ. ಸಂಬಳ ಕೊಡುವವರು ಯಂತ್ರದ ಕಂಪನಿಯವರೋ ಗುತ್ತಿಗೆದಾರರೋ?”

“ಗುತ್ತಿಗೆದಾರರು ಕಣಪ್ಪ. ಕಂಪನಿಯವರು ಅವರಿಗೆ ಕೊಡುತ್ತಾರೆ, ಅವರು ನಮಗೆ.”

“ಗುತ್ತಿಗೆದಾರರ ಸಂಸ್ಥೆಯ ಪೂರ್ತಿ ಹೆಸರೇನು, ಅಣ್ಣ? ನಿಮಗೆ ಪಿ.ಎಫ್. ಹಿಡಿಯುತ್ತಾರೆಯೇ? ಹತ್ತುವುದಕ್ಕೆ ತರಬೇತಿ ಕೊಟ್ಟರೇ?”

“ಹಿಡಿಯುತ್ತಾರೆ. ತರಬೇತಿಯಿಲ್ಲದೆ ಯಾರನ್ನೂ ಮೇಲೆ ಬಿಡುವುದಿಲ್ಲ. ಹೆಸರು ಕಳುಹಿಸುತ್ತೇನೆ, ನೋಡಿಕೋ.”

ಈ ನಾಲ್ಕು ಪ್ರಶ್ನೆಗಳು ಸಣ್ಣವಾಗಿ ಕಂಡರೂ ಕೆಲಸದ ಒಳಗನ್ನೇ ತಟ್ಟುತ್ತವೆ. ಸಂಬಳ ಕೊಡುವವನು ಯಾರೆಂಬುದು ತಿಳಿಯದಿದ್ದರೆ, ಸಂಬಳ ನಿಂತ ದಿನ ಕೇಳಬೇಕಾದವನು ಯಾರೆಂಬುದೂ ತಿಳಿಯದು. ಸಂಸ್ಥೆಯ ಪೂರ್ತಿ ಹೆಸರು ಸಿಕ್ಕಿದ ಮೇಲೆ ಎರಡು ಕಡೆ ನೋಡಬಹುದು. ಅದು ನೋಂದಾಯಿತ ಕಂಪನಿಯಾದರೆ ಕೇಂದ್ರ ಸರಕಾರದ ಕಂಪನಿ ವ್ಯವಹಾರಗಳ ಮಂತ್ರಾಲಯದ `mca.gov.in` ತಾಣದಲ್ಲಿ ಅದರ ಹೆಸರು, ಹುಟ್ಟಿದ ದಿನಾಂಕ, ನೋಂದಾಯಿತ ವಿಳಾಸ, ಈಗ ನಡೆಯುತ್ತಿದೆಯೋ ಮುಚ್ಚಿದೆಯೋ ಎಂಬ ವಿವರಗಳು ಇರುತ್ತವೆ. ‘ಇಪ್ಪತ್ತು ವರ್ಷಗಳ ಅನುಭವ’ವೆಂದು ಹೇಳಿಕೊಳ್ಳುವ ಕಂಪನಿಯು ಹೋದ ತಿಂಗಳು ಹುಟ್ಟಿದ್ದಾದರೆ ಅಲ್ಲಿಯೇ ಸಂಶಯ ಮೊಳೆಯಬೇಕು.

ಎರಡನೆಯದು ನೌಕರರ ಭವಿಷ್ಯನಿಧಿ ಸಂಸ್ಥೆಯ ತಾಣ, `epfindia.gov.in`. ಇಪ್ಪತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ನೌಕರರ ಭವಿಷ್ಯನಿಧಿಗೆ ಹಣ ಕಟ್ಟಬೇಕೆಂಬುದು ನಿಯಮ. ಆ ತಾಣದಲ್ಲಿ ಸಂಸ್ಥೆಯ ಹೆಸರನ್ನು ಕೊಟ್ಟು ಹುಡುಕಿದರೆ ಅದು ಯಾವ ತಿಂಗಳು ಎಷ್ಟು ಮಂದಿ ನೌಕರರಿಗಾಗಿ ಹಣ ಕಟ್ಟಿತೆಂಬ ಲೆಕ್ಕವು ಯಾರಿಗಾದರೂ ಕಾಣುತ್ತದೆ. ‘ನಮ್ಮಲ್ಲಿ ಇನ್ನೂರು ಜನರಿದ್ದಾರೆ’ ಎಂದವನ ಲೆಕ್ಕದಲ್ಲಿ ಆರೇ ಹೆಸರುಗಳಿದ್ದರೆ, ಉಳಿದವರ ಪಾಡೇನೆಂದು ಕೇಳುವ ಹಕ್ಕು ಕೆಲಸಕ್ಕೆ ಸೇರುವವನಿಗೆ ಇದೆ. ಇದು ವಂಚನೆಯನ್ನು ಮಾತ್ರವಲ್ಲ, ಕೆಟ್ಟ ಧಣಿಯನ್ನೂ ತೋರಿಸಿಕೊಡುವ ಕನ್ನಡಿ.

ಆದರೆ ಈ ಪರೀಕ್ಷೆಗೂ ಒಂದು ಮಿತಿಯುಂಟು. ಕಂಪನಿಯು ನಿಜವೆಂದು ಸಿದ್ಧವಾದರೆ ಕರೆಯೂ ನಿಜವೆಂದು ಆಗುವುದಿಲ್ಲ. ಪ್ರಸಿದ್ಧ ಕಂಪನಿಯ ಹೆಸರನ್ನು ಬಳಸಿಕೊಂಡು ಅದಕ್ಕೆ ಸಂಬಂಧವೇ ಇಲ್ಲದವರು ಬರೆಯುವ ಪತ್ರಗಳೇ ಹೆಚ್ಚು. ಅಂತಹ ಪತ್ರದಲ್ಲಿ ಕೊಟ್ಟ ಸಂಖ್ಯೆಗೆ ಕರೆಮಾಡಿ ‘ಇದು ನಿಜವೇ ಸ್ವಾಮಿ?’ ಎಂದರೆ ‘ಹೌದು’ ಎನ್ನುವವನು ಪತ್ರ ಬರೆದವನೇ. ಕಂಪನಿಯ ಸ್ವಂತ ತಾಣವನ್ನು ನಾವೇ ಹುಡುಕಿ, ಅಲ್ಲಿರುವ ಸಂಖ್ಯೆಗೆ ಕರೆಮಾಡಿ, ಸಿಬ್ಬಂದಿ ವಿಭಾಗದವರನ್ನು ಕೇಳಿ, ಹುದ್ದೆಯೂ ಆ ಮನುಷ್ಯನೂ ಅವರಿಗೆ ಸೇರಿದ್ದೆಂದು ತಿಳಿದ ಮೇಲೆಯೇ ಮುಂದಿನ ಹೆಜ್ಜೆ. ಪತ್ರ ಬಂದ ಮಿಂಚಂಚೆಯ ವಿಳಾಸದಲ್ಲಿ `@` ಗುರುತಿನ ಬಲಕ್ಕಿರುವ ಹೆಸರು ಕಂಪನಿಯ ತಾಣದ ಹೆಸರೇ ಆಗಿದೆಯೇ ಎಂದೂ ನೋಡಬೇಕು. ದೊಡ್ಡ ಕಂಪನಿಯೊಂದು ನೇಮಕದ ಆದೇಶವನ್ನು `gmail.com` ವಿಳಾಸದಿಂದ ಕಳುಹಿಸುವುದಿಲ್ಲ. ಸಣ್ಣ ಗುತ್ತಿಗೆದಾರನು ಕಳುಹಿಸಬಹುದು. ಆಗ ಅವನ ಕಚೇರಿಗೋ ಕೆಲಸದ ಸ್ಥಳಕ್ಕೋ ಹೋಗಿ ಕಣ್ಣಾರೆ ನೋಡಿ ಬರುವುದೇ ಉತ್ತಮ.

ಹಣದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಪರೀಕ್ಷೆಯ ಶುಲ್ಕವೆಂಬುದು ಉಂಟು. ಅದನ್ನು ಸರಕಾರದ ತಾಣದೊಳಗೆ, ಅರ್ಜಿಯನ್ನು ತುಂಬಿದ ಮೇಲೆ ಕಟ್ಟುತ್ತೇವೆ. ಒಬ್ಬ ವ್ಯಕ್ತಿಯ ಹೆಸರಿಗೆ ಕಟ್ಟುವುದಿಲ್ಲ. ದೂರವಾಣಿಯಿಂದ ಹಣ ಕಳುಹಿಸುವಾಗ ಗುಪ್ತ ಸಂಖ್ಯೆಯನ್ನು ಒತ್ತುವ ಮುನ್ನ ಪಡೆಯುವವನ ಹೆಸರು ತೆರೆಯ ಮೇಲೆ ಕಾಣುತ್ತದೆ; ಅದನ್ನು ಓದಬೇಕು. ಸಂಸ್ಥೆಯ ಶುಲ್ಕವು ಯಾರೋ ಒಬ್ಬನ ಹೆಸರಿಗೆ ಹೋಗುತ್ತಿದ್ದರೆ ಅಲ್ಲಿಗೇ ನಿಲ್ಲಬೇಕು. ಖಾಸಗಿ ಕೆಲಸವಾದರೋ ದುಡಿದವನಿಗೆ ಹಣ ಬರಬೇಕೇ ಹೊರತು ಅವನಿಂದ ಹೋಗಬಾರದು.

ವಂಚಕನು ಮೊದಲು ಕೇಳುವ ಮೊತ್ತವು ಸಣ್ಣದಾಗಿರುವುದಕ್ಕೂ ಕಾರಣವಿದೆ. 850 ರೂಪಾಯಿ ಹೋದರೆ ಹೋಗಲಿ ಎಂದುಕೊಳ್ಳುವವರು ಬಹಳ. ಅದನ್ನು ಕಟ್ಟಿದವನಿಗೆ ವೈದ್ಯಕೀಯ ಪರೀಕ್ಷೆಗೆಂದು ಮತ್ತಷ್ಟು, ಸಮವಸ್ತ್ರಕ್ಕೆಂದು ಇನ್ನಷ್ಟು, ಕೊನೆಗೆ ‘ಹಿಂದಿರುಗಿಸುವ ಠೇವಣಿ’ಯೆಂದು ಸಾವಿರಗಟ್ಟಲೆ ಕೇಳುತ್ತಾರೆ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ‘ಇಷ್ಟು ಕಟ್ಟಿದ ಮೇಲೆ ಈಗ ಬಿಟ್ಟರೆ ಹಿಂದಿನದೂ ಹೋಯಿತು’ ಎಂಬ ಯೋಚನೆಯು ಮುಂದಿನ ಮೆಟ್ಟಿಲನ್ನು ಹತ್ತಿಸುತ್ತದೆ. ಹಣ ಕೇಳದೆ ಆಧಾರ್ ಚೀಟಿಯ ಪ್ರತಿಯನ್ನೂ ಬ್ಯಾಂಕ್ ಖಾತೆಯ ಗುಪ್ತ ವಿವರಗಳನ್ನೂ ಕೇಳುವವರು ಇನ್ನೂ ಅಪಾಯಕಾರಿಗಳು. ಬೇರೆಯವರಿಂದ ಕದ್ದ ಹಣವನ್ನು ಸಾಗಿಸಲು ಅವರಿಗೆ ಅಮಾಯಕರ ಖಾತೆ ಬೇಕು. ‘ನಿನ್ನ ಖಾತೆಗೆ ಹಣ ಬರುತ್ತದೆ, ಅದನ್ನು ಮುಂದಕ್ಕೆ ಕಳುಹಿಸು, ನೂರಕ್ಕೆ ಇಷ್ಟು ನಿನಗೆ’ ಎಂಬುದು ಉದ್ಯೋಗವಲ್ಲ, ಅಪರಾಧದಲ್ಲಿ ಪಾಲು. ಅಂತಹ ಖಾತೆ ಸ್ತಂಭಿತವಾಗುತ್ತದೆ. ವಿಚಾರಣೆಯು ಮೊದಲು ಬರುವುದು ಖಾತೆಯ ಒಡೆಯನ ಮನೆಯ ಬಾಗಿಲಿಗೆ.

ಪರದೇಶದ ಕೆಲಸವಾದರೆ ಪಣವು ಹಣಕ್ಕಿಂತ ದೊಡ್ಡದು. 2023ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಯುವಕರು ರಷ್ಯಾ ದೇಶಕ್ಕೆ ಹೋದರು. ಜಾಲದಲ್ಲಿ ಚಲಚ್ಚಿತ್ರ ತುಣುಕುಗಳನ್ನು ಹಾಕುತ್ತಿದ್ದ ಮಧ್ಯವರ್ತಿಯೊಬ್ಬನು ಅವರಿಗೆ ಭದ್ರತಾ ಕೆಲಸವೆಂದೂ ಸಹಾಯಕರ ಕೆಲಸವೆಂದೂ ಹೇಳಿದ್ದನು. ಅಲ್ಲಿಗೆ ಹೋದ ಬಳಿಕ ಅವರನ್ನು ಉಕ್ರೇನಿನ ಯುದ್ಧಭೂಮಿಯ ಸೇವೆಗೆ ತಳ್ಳಲಾಯಿತು. 2024ರ ಫೆಬ್ರವರಿಯಲ್ಲಿ ಸಂಗತಿಯು ಬೆಳಕಿಗೆ ಬಂದಿತು. ಮಾರ್ಚಿಯಲ್ಲಿ ಕೇಂದ್ರ ತನಿಖಾ ದಳವು ಮೊಕದ್ದಮೆ ಹೂಡಿತು. ಕಲಬುರಗಿಯ ಯುವಕರು ಆ ವರ್ಷದ ಸೆಪ್ಟೆಂಬರಿನಲ್ಲಿ ಮನೆಗೆ ಮರಳಿದರು. ಅದೇ ಬಲೆಯಲ್ಲಿ ಸಿಕ್ಕಿದ ಬೇರೆ ರಾಜ್ಯಗಳ ಕೆಲವು ಯುವಕರು ಮರಳಲೇ ಇಲ್ಲ.

1983ರ ವಲಸೆ ಕಾಯಿದೆಯ ಪ್ರಕಾರ, ಹೊರದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ಮಧ್ಯವರ್ತಿಯು ಕೇಂದ್ರ ಸರಕಾರದಲ್ಲಿ ನೋಂದಾಯಿಸಿಕೊಂಡಿರಲೇಬೇಕು. ನೋಂದಾಯಿತರ ಪಟ್ಟಿಯನ್ನು `emigrate.gov.in` ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಮಧ್ಯವರ್ತಿಯ ಹೆಸರು ಆ ಪಟ್ಟಿಯಲ್ಲಿ ಇರಬೇಕು. ಅಲ್ಲಿರುವ ವಿಳಾಸಕ್ಕೂ ನಮ್ಮೊಡನೆ ಮಾತನಾಡುವವನ ವಿಳಾಸಕ್ಕೂ ಹೊಂದಿಕೆಯಿರಬೇಕು. ಕೆಲಸ ಕೊಡುವವನು ಯಾರು, ಕೆಲಸವೇನು, ಸಂಬಳವೆಷ್ಟು ಎಂಬ ಒಪ್ಪಂದದ ಪತ್ರವು ಹೊರಡುವ ಮುನ್ನವೇ ಕೈಗೆ ಬರಬೇಕು. ‘ಈಗ ಪ್ರವಾಸಿಯಾಗಿ ಹೋಗು, ಅಲ್ಲಿ ಕೆಲಸದ ವೀಸಾ ಮಾಡಿಸೋಣ’ ಎಂಬ ಒಂದು ಮಾತು ಕೇಳಿಬಂದರೆ ಉಳಿದದ್ದನ್ನು ಕೇಳುವ ಅಗತ್ಯವಿಲ್ಲ. ಪರದೇಶದಲ್ಲಿ ಪ್ರವಾಸಿಯಾಗಿ ನಿಂತು ದುಡಿಯುವವನಿಗೆ ಅಲ್ಲಿನ ಕಾನೂನಿನ ನೆರವು ಸಿಗುವುದು ಬಲು ಕಷ್ಟ.

ಇಷ್ಟೆಲ್ಲದರ ನಡುವೆಯೂ ಹಣವು ಕೈಬಿಟ್ಟುಹೋದರೆ ಗಂಟೆಗಳಿಗೆ ಬೆಲೆಯುಂಟು. ಕಳೆದುಹೋದ ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗಬೇಗನೆ ಸಾಗುತ್ತದೆ. ಅದು ಬ್ಯಾಂಕುಗಳಿಂದ ಹೊರಬೀಳುವ ಮುನ್ನ ತಡೆಯಬೇಕು. ಆ ಕೂಡಲೇ 1930 ಎಂಬ ಸಂಖ್ಯೆಗೆ ಕರೆಮಾಡಿ, `cybercrime.gov.in` ತಾಣದಲ್ಲಿ ದೂರನ್ನು ದಾಖಲಿಸಬೇಕು. ಹಣ ಕಳುಹಿಸಿದಾಗ ತೆರೆಯ ಮೇಲೆ ಬಂದ ಹನ್ನೆರಡು ಅಂಕಿಗಳ ವಹಿವಾಟಿನ ಸಂಖ್ಯೆಯು ದೂರಿಗೆ ಮುಖ್ಯವಾದ ಆಧಾರ. ಸಿಟ್ಟಿನಿಂದಲೋ ನಾಚಿಕೆಯಿಂದಲೋ ಸಂದೇಶಗಳನ್ನು ಅಳಿಸಿಹಾಕುವವರುಂಟು. ಅಳಿಸಿದರೆ ಸಾಕ್ಷ್ಯವೇ ಹೋಯಿತು. ಅವುಗಳ ಚಿತ್ರವನ್ನು ತೆಗೆದಿಟ್ಟುಕೊಂಡು ಹತ್ತಿರದ ಠಾಣೆಗೆ ಇಲ್ಲವೆ ಜಿಲ್ಲೆಯ ಸಿ.ಇ.ಎನ್. ಪೊಲೀಸ್ ಠಾಣೆಗೆ ಹೋಗಬೇಕು.

ಪರೀಕ್ಷೆ ಮುಗಿಸಿದವನಿಗೆ ಇನ್ನೊಂದು ಕೆಲಸ ಉಳಿದಿದೆ. ತಾನು ಕಂಡುಕೊಂಡದ್ದನ್ನು ಅದೇ ಗುಂಪಿನಲ್ಲಿ, ಆ ಸಂದೇಶದ ಕೆಳಗೇ ಬರೆಯಬೇಕು. ಕೇವಲ ‘ಇದು ಸುಳ್ಳು’ ಎಂದರೆ ಅದೂ ಮತ್ತೊಂದು ಮೂಲವಿಲ್ಲದ ಸುದ್ದಿಯಾಗುತ್ತದೆ. “ಸಂಸ್ಥೆಯ ತಾಣವನ್ನು ಈ ದಿನ ನೋಡಿದೆ, ಇಂತಹ ಪ್ರಕಟಣೆ ಇಲ್ಲ. ಈ ಹುದ್ದೆಗೆ ಸಂದರ್ಶನದ ಕ್ರಮವೇ ಇಲ್ಲ. ಕೊಂಡಿಯು ಸರಕಾರದ್ದಲ್ಲ” ಎಂದು, ಎಲ್ಲಿ ನೋಡಿದನೆಂಬುದನ್ನೂ ಯಾವ ದಿನ ನೋಡಿದನೆಂಬುದನ್ನೂ ಸೇರಿಸಿ ಬರೆಯಬೇಕು. ಕಳುಹಿಸಿದ ಗೆಳೆಯನನ್ನು ಹಳಿಯಬಾರದು. ಹಳಿದರೆ ಮುಂದೆ ನಿಜವಾದ ಕರೆಯನ್ನು ಹಾಕಲೂ ಜನರು ಅಂಜುತ್ತಾರೆ. ನಿಜವೆಂದು ಕಂಡ ಕರೆಯನ್ನೂ ಹಾಗೆಯೇ ಮೂಲದ ವಿಳಾಸದೊಡನೆ, ಕೊನೆಯ ದಿನಾಂಕದೊಡನೆ ಮುಂದಕ್ಕೆ ಕಳುಹಿಸಬೇಕು. ಹೀಗೆ ಮಾಡುವವರು ಗುಂಪಿನಲ್ಲಿ ನಾಲ್ಕು ಮಂದಿಯಿದ್ದರೂ, ದಾವಣಗೆರೆಯ ಗಿರಣಿಯಿಂದ ನೆಂಟನು ತರುತ್ತಿದ್ದ ಸುದ್ದಿಯಂತೆ, ಗುಂಪಿನ ಸುದ್ದಿಯೂ ತನ್ನ ಮೂಲವನ್ನು ಜೊತೆಯಲ್ಲಿಯೇ ಹೊತ್ತು ಬರುತ್ತದೆ.